ಬೈದ ಇಮೇಲ್‌ಗೆ ಭಾಯಿಜಾನ್ ಉತ್ತರ

ನಮ್ಮ ಭಾಯಿಜಾನ್ ವಾಡಿಯಲ್ಲಿ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಬಿಲ್ ಮಾಡುತ್ತಾರೆ. ಒಂದು ರಾತ್ರಿ ಮ್ಯಾನೇಜರ್ ಇಮೇಲ್ ಬಂತು: "ನಿಮ್ಮ ಬಿಲ್ಲುಗಳೆಲ್ಲ ತಪ್ಪು. ಇಂಥ ಬೇಜವಾಬ್ದಾರಿಯವರು ನಮಗೆ ಬೇಡ." ನಮ್ಮ ಮನೆ ನಡೆಯುವುದೇ ಆ ಸಂಬಳದಿಂದ.

ಭಾಯಿಜಾನ್ ಆಗಲೇ ಉತ್ತರ ಬರೆಯಲಿಲ್ಲ. ಬೆಳಿಗ್ಗೆ ಆ ವಾರದ 40 ಇ-ವೇ ಬಿಲ್ಲುಗಳನ್ನು ತೆಗೆದು ನೋಡಿದರು. ಮೂರರಲ್ಲಿ ಲಾರಿ ನಂಬರ್ ತಪ್ಪಿತ್ತು. ಆಮೇಲೆ ಬರೆದರು:

"ಸರ್, 3 ಬಿಲ್ಲುಗಳಲ್ಲಿ ಲಾರಿ ನಂಬರ್ ತಪ್ಪಿರುವುದು ನಿಜ. ತಪಾಸಣೆಯಲ್ಲಿ ಲಾರಿ ನಿಂತುಬಿಡಬಹುದಿತ್ತು. ಇನ್ನು ನಂಬರ್ ಪ್ಲೇಟಿನ ಫೋಟೊ ನೋಡಿಯೇ ತುಂಬುತ್ತೇನೆ. ಉಳಿದ 37 ಸರಿಯಿವೆ, ಪಟ್ಟಿ ಜೊತೆಗಿದೆ."

'ಬೇಜವಾಬ್ದಾರಿ' ಎಂಬ ಮಾತಿಗೆ ಉತ್ತರವೇ ಇಲ್ಲ. 37ನ್ನು ಮೊದಲು ಬರೆದಿದ್ದರೆ ಅದು ಜಗಳವಾಗುತ್ತಿತ್ತು.

ಮರುದಿನ ಮ್ಯಾನೇಜರ್ ಒಂದೇ ಸಾಲು ಬರೆದರು: "ಪಟ್ಟಿ ನೋಡಿದೆ, ಹಾಗೇ ಮಾಡಿ."