ಕೇಪುಳದ ಗಿಡಕ್ಕೆ ಎರಡನೆಯ ನೀರು

ಊರಿನ ಮನೆ ಮಾರಾಟವಾದ ಮೇಲೆ ಅದರ ಅಂಗಳದಿಂದ ನಮ್ಮಲ್ಲಿ ಉಳಿದದ್ದು ಒಂದು ಕೇಪುಳದ ಗಿಡ ಮಾತ್ರ. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೆನ್ನೈಗೆ ತಂದು, ನಮ್ಮ ಸರಕಾರಿ ವಸತಿಗೃಹದ ಹಿಂದಿನ ತುಂಡು ನೆಲದಲ್ಲಿ ನೆಟ್ಟಿದ್ದರು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕಂ ಕೆರೆಗಳು ಬತ್ತಿಹೋದವು. ಟ್ಯಾಂಕರಿನ ನೀರನ್ನು ಕೊಡಗಳ ಲೆಕ್ಕದಲ್ಲಿ ಹಿಡಿಯುತ್ತಿದ್ದ ಆ ದಿನಗಳಲ್ಲಿ ಗಿಡಕ್ಕೆ ನೀರೆರೆಯುವುದು ಅಪರಾಧದಂತೆ ತೋರುತ್ತಿತ್ತು. ಬಟ್ಟೆ ಒಗೆಯುವ ಯಂತ್ರವಾದರೋ ಒಂದು ಸಲಕ್ಕೆ ಸುಮಾರು ಐವತ್ತು ಲೀಟರನ್ನು ಚರಂಡಿಗೆ ಬಿಡುತ್ತಿತ್ತು.

ಮೊದಲು ನಾನು ಮಾಡಿದ ಕೆಲಸ ಅತ್ಯಂತ ಸರಳವಾದದ್ದು. ಯಂತ್ರದ ಕೊಳವೆಯನ್ನು ಕೆಳಗಿಳಿಸಿ ನೇರವಾಗಿ ತೋಟಕ್ಕೆ ಬಿಟ್ಟೆ. ಮುಕ್ಕಾಲು ಗಂಟೆ ಕಳೆದರೂ ಯಂತ್ರ ತುಂಬಲೇ ಇಲ್ಲ. ಕೊಳವೆಯ ಬಾಯಿ ಯಂತ್ರದೊಳಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಒಳಬಂದ ನೀರು ತಾನಾಗಿ ಹೀರಿಕೊಂಡು ಹೊರಗೆ ಹರಿದುಬಿಡುತ್ತದೆ. ತೆರೆದ ನಲ್ಲಿಯ ಕೆಳಗೆ ತೂತಿನ ಕೊಡವನ್ನಿಟ್ಟಂತೆ. ಕೊಳವೆಯನ್ನು ಮತ್ತೆ ಮೇಲೆತ್ತಿ, ಅದರ ತುದಿಗೆ ಸಣ್ಣ ಕಣ್ಣಿನ ಫಿಲ್ಟರ್ ಒಂದನ್ನು ಬಿಗಿದೆ. ಮೂರನೆಯ ಒಗೆತಕ್ಕೆ ಬಟ್ಟೆಯಿಂದ ಉದುರಿದ ನೂಲಿನ ಧೂಳು ಅದನ್ನು ಮುಚ್ಚಿತು. ಪಂಪು ಏದುಸಿರುಬಿಟ್ಟಿತು, ಯಂತ್ರ ನೊರೆನೀರಿನ ಸಮೇತ ನಿಂತುಹೋಯಿತು.

ಪ್ಲಂಬರ್ ಬಂದು ನೋಡಿ ನಕ್ಕ. ಅವನ ಪರಿಹಾರದಲ್ಲಿ ಪಂಪಿಗೂ ಫಿಲ್ಟರಿಗೂ ನೇರ ಸಂಬಂಧವೇ ಇರಲಿಲ್ಲ. ಎಂಬತ್ತು ಸೆಂಟಿಮೀಟರ್ ಎತ್ತರದ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಗೋಡೆಗೆ ನಿಲ್ಲಿಸಿ, ಯಂತ್ರದ ಕೊಳವೆಯ ತುದಿಯನ್ನು ಅದರೊಳಗೆ ಸಡಿಲವಾಗಿ ಇಳಿಬಿಟ್ಟ. ಮೇಲೆ ಗಾಳಿಯಾಡುವುದರಿಂದ ನೀರು ತಾನಾಗಿ ಹೀರಿಹೋಗುವುದಿಲ್ಲ. ಪೈಪಿನ ಬುಡದಲ್ಲಿ ಮೂರು ದಾರಿಯ ವಾಲ್ವ್ ಒಂದನ್ನು ಕೂರಿಸಿದ. ಹಿಡಿಕೆ ಒಂದು ಕಡೆಗಿದ್ದರೆ ಚರಂಡಿ, ಇನ್ನೊಂದು ಕಡೆಗಿದ್ದರೆ ತೋಟ. ತೋಟದ ದಾರಿಯಲ್ಲಿ, ತುಸು ತಗ್ಗಿನಲ್ಲಿ, ಇಪ್ಪತ್ತು ಲೀಟರಿನ ಹಳೆಯ ಬಣ್ಣದ ಬಕೆಟ್ಟು. ಅದರ ಬಾಯಿಗೆ ನೈಲಾನ್ ಚೀಲ, ಚೀಲದ ಕೆಳಗೆ ಜಲ್ಲಿಕಲ್ಲು, ತಳದಿಂದ ಹೊರಡುವ ಪೈಪು. ಚೀಲ ಮುಚ್ಚಿಕೊಂಡರೆ ನೀರು ಬಕೆಟ್ಟಿನಿಂದ ತುಳುಕುತ್ತದೆಯಲ್ಲದೆ ಪಂಪಿಗೆ ಭಾರವಾಗುವುದಿಲ್ಲ. ವಾರಕ್ಕೊಮ್ಮೆ ಚೀಲವನ್ನು ಕೊಡವಿದರೆ ಸಾಕು. ನೀರು ಬಕೆಟ್ಟಿನಲ್ಲಿ ನಿಲ್ಲಬಾರದು. ನಿಂತರೆ ಮರುದಿನವೇ ಕೊಳೆತ ವಾಸನೆ.

ಎಲ್ಲವೂ ಚೆನ್ನಾಗಿ ನಡೆಯಿತು ಎಂದುಕೊಂಡೆ. ಎರಡು ತಿಂಗಳಲ್ಲಿ ಕೇಪುಳದ ಎಳೆಯ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರಾಗಿಯೇ ಉಳಿದವು. ನೀರಿನ ಕೊರತೆಯೆಂದು ಇನ್ನಷ್ಟು ನೀರು ಬಿಟ್ಟೆ. ಬುಡದ ಮಣ್ಣು ಗಟ್ಟಿ ಹೊಪ್ಪಳೆಯಂತಾಗಿ, ನೀರು ಇಂಗದೆ ಮೇಲೆಯೇ ನಿಂತಿತು.

“ನೀರಿಲ್ಲದೆ ಬಾಡಿದ್ದಲ್ಲ ಮಗಾ, ಇದಕ್ಕೆ ಸೋಪಿನ ನಂಜು ಏರಿದ್ದು,” ಎಂದರು ಅಮ್ಮ.

ಬಕೆಟ್ಟಿನಿಂದ ಹೊರಬರುವ ನೀರು ತಿಳಿಯಾಗಿತ್ತಲ್ಲ ಎಂದು ನಾನು ವಾದಿಸಿದೆ. ನನ್ನ ತಪ್ಪು ಅಲ್ಲಿಯೇ ಇತ್ತು. ಚೀಲ, ಜಲ್ಲಿಗಳು ಹಿಡಿಯುವುದು ಕಣ್ಣಿಗೆ ಕಾಣುವ ಕಸವನ್ನು. ನೀರಿನಲ್ಲಿ ಕರಗಿದ ವಾಷಿಂಗ್ ಸೋಡವನ್ನು ಅವು ತಡೆಯಲಾರವು. ಆ ಕ್ಷಾರ ಮಣ್ಣಿಗಿಳಿದಾಗ ಗಿಡಕ್ಕೆ ಕಬ್ಬಿಣಾಂಶವನ್ನು ಹೀರುವುದು ಕಷ್ಟವಾಗುತ್ತದೆ. ಹುಳಿಮಣ್ಣನ್ನು ಬಯಸುವ ಕೇಪುಳದಂಥ ಗಿಡಗಳಲ್ಲಿ ಅದು ಬೇಗನೆ ತೋರುತ್ತದೆ. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಫಿಲ್ಟರಿಗೆ ನಾನು ಕೊಟ್ಟ ಗೌರವವನ್ನು ವಾಲ್ವಿಗೆ ಕೊಡಬೇಕಾಗಿತ್ತು. ಅಷ್ಟು ದಿನವೂ ಅದರ ಹಿಡಿಕೆ ತೋಟದ ಕಡೆಗೇ ಇತ್ತು.

ಒಂದು ಭಾನುವಾರ ಕುಳಿತು ಅಳೆದೆವು. ಮೊದಲ ಬಾರಿ ಯಂತ್ರ ಹೊರಬಿಟ್ಟದ್ದು ಹದಿನಾಲ್ಕು ಲೀಟರು. ಜಾರುವ, ನೊರೆಯ ನೀರು. ಅನಂತರದ ಮೂರು ಜಾಲಾಟಗಳಿಂದ ಬಂದದ್ದು ಮೂವತ್ತಾರು ಲೀಟರು. ಸಾಬೂನಿನ ಬಹುಪಾಲು ಆ ಹದಿನಾಲ್ಕರಲ್ಲೇ ಇತ್ತು. ಅದು ಚರಂಡಿಗೆ, ಉಳಿದದ್ದು ತೋಟಕ್ಕೆ ಎಂದಾಯಿತು. ಪುಡಿಯ ಬದಲು, ಸೋಡಿಯಂ ಲವಣಗಳು ಕಡಿಮೆಯಿರುವ ದ್ರವ ಸಾಬೂನನ್ನು ತಂದೆವು. ಬ್ಲೀಚ್ ಹಾಕಿದ ದಿನವೂ, ಮೊಮ್ಮಗುವಿನ ಕೊಳಕು ಬಟ್ಟೆ ಒಗೆದ ದಿನವೂ ಎಲ್ಲ ನೀರು ಚರಂಡಿಗೇ. ಜಾಲಿಸಿದ ನೀರನ್ನೂ ಹೆಚ್ಚಾಗಿ ಬಾಳೆಯ ಬುಡಕ್ಕೆ, ತರಗೆಲೆಯ ಹೊದಿಕೆಯ ಅಡಿಗೆ ತಿರುಗಿಸಿದೆ. ಸೊಪ್ಪಿನ ಮಡಿಗೆ ಒಂದು ಹನಿಯೂ ಇಲ್ಲ. ಕೇಪುಳಕ್ಕೆ ಕೆಲಕಾಲ ಅಕ್ಕಿ ತೊಳೆದ ನೀರೇ ಗತಿಯಾಯಿತು.

ಅಕ್ಟೋಬರಿನಲ್ಲಿ ಹಿಂಗಾರು ಹಿಡಿಯಿತು. ಹೊಪ್ಪಳೆಯನ್ನು ಕೆರೆದು ಗೊಬ್ಬರ ಬೆರೆಸಿದ್ದ ಮಣ್ಣಿನಲ್ಲಿ ಮಳೆನೀರು ಇಳಿಯತೊಡಗಿತು. ಹಳದಿಯಾಗಿದ್ದ ಎಲೆಗಳಲ್ಲಿ ಹೆಚ್ಚಿನವು ಉದುರಿದವು. ಫೆಬ್ರುವರಿಯಲ್ಲಿ ಬಂದ ಚಿಗುರು ಹಸಿರಾಗಿತ್ತು.

ಕಷ್ಟವಿದ್ದದ್ದು ಹಿಡಿಕೆ ತಿರುಗಿಸುವುದರಲ್ಲಿ. ನಾನು ಕಛೇರಿಯಲ್ಲಿರುತ್ತೇನೆ, ಯಂತ್ರ ಯಾರಿಗೂ ಕಾಯುವುದಿಲ್ಲ. ಆ ಕೆಲಸವನ್ನು ಅಮ್ಮ ತಾವಾಗಿಯೇ ವಹಿಸಿಕೊಂಡರು. ಪತ್ರಿಕೆ ಓದುತ್ತಾ ಕುಳಿತವರು ಪಂಪು ಮೊದಲ ಬಾರಿ ಗುರುಗುಟ್ಟಿ ನಿಲ್ಲುವುದನ್ನು ಕಿವಿಯಿಂದಲೇ ಗುರುತಿಸಿ, ಕನ್ನಡಕವನ್ನು ಹಣೆಗೇರಿಸಿ ಹಿತ್ತಿಲಿಗೆ ಹೋಗುತ್ತಾರೆ. “ಮೊದಲಿನದ್ದು ಹೋಯ್ತು. ಇನ್ನು ಎರಡನೆಯ ನೀರು,” ಎಂದು ಗಿಡಕ್ಕೆ ಕೇಳಿಸುವಂತೆ ಹೇಳುತ್ತಾ ಹಿಡಿಕೆಯನ್ನು ಈ ಕಡೆಗೆ ತಿರುಗಿಸುತ್ತಾರೆ.