ತೇಲದ ಆರಾಮಕುರ್ಚಿ

ಸಿನಿಮಾ ಸೆಟ್ ಹಾಕುವುದು ನನ್ನ ಕಸುಬು. ಬಡಗಿಗೆ, ಪೇಂಟರಿಗೆ, ಲೈಟ್‌ಬಾಯ್‌ಗೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಆ ನಂಬಿಕೆಯಲ್ಲೇ ಒಂದು ಕಿರುಚಿತ್ರದ ಕನಸಿನ ದೃಶ್ಯವನ್ನು ಎಐ ವಿಡಿಯೋದಲ್ಲಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ನಿರ್ಮಾಪಕರ ದುಡ್ಡನ್ನೂ ನಿರ್ದೇಶಕನ ಸಮಯವನ್ನೂ ಹಾಳು ಮಾಡಿದೆ.

ಕಥೆ ಸಣ್ಣದು. ಹಳೆಯ ತೊಟ್ಟಿಮನೆಯನ್ನು ಮಾರಿದ ರಾತ್ರಿ ಯಜಮಾನನಿಗೆ ಕನಸು ಬೀಳುತ್ತದೆ. ಪಡಸಾಲೆಯ ಸಾಮಾನೆಲ್ಲ ನೆಲ ಬಿಟ್ಟು ಏಳುತ್ತವೆ, ಆಮೇಲೆ ಮನೆಯೇ ಮಗ್ಗುಲು ಬದಲಿಸಿದ ಹಾಗೆ ಒಂದು ಗೋಡೆಯ ಕಡೆ ಉರುಳುತ್ತವೆ. ಬೆಳಕು ಮೆದುವಾಗಿರಬೇಕು, ಎಲ್ಲೂ ಕಣ್ಣಿಗೆ ಹೊಡೆಯಬಾರದು. ತಂತಿ ಕಟ್ಟಿ ಎತ್ತಲು, ತಿರುಗುವ ಸೆಟ್ ಹಾಕಲು ಅಲ್ಲಿ ಬಜೆಟ್ ಇರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಹೀಗೆ ಟೈಪ್ ಮಾಡಿದೆ:

```
surreal dream sequence, floating furniture,
shifting gravity, soft diffused light,
old Indian house, ethereal, cinematic
```

ಬಂದದ್ದು ನೋಡಲು ಚೆಂದವಾಗಿತ್ತು. ಹಾಗಾಗಿಯೇ ಮೋಸ ಹೋದೆ. ಒಂದಾದ ಮೇಲೊಂದು ಅಂಥವೇ ತುಣುಕುಗಳನ್ನು ಮಾಡಿಸುತ್ತ ಹೋದೆ. ಕುರ್ಚಿ, ಮೇಜು, ಬೀರು ಎಲ್ಲವೂ ನೀರಿನಲ್ಲಿದ್ದ ಹಾಗೆ ಅತ್ತಿತ್ತ ಅಲ್ಲಾಡುತ್ತಿದ್ದವು, ಕ್ಯಾಮೆರಾ ತನ್ನಷ್ಟಕ್ಕೆ ಸುತ್ತುತ್ತಿತ್ತು. ಎಡಿಟಿಂಗ್ ರೂಮಿನಲ್ಲಿ ಹಾಕಿ ತೋರಿಸಿದಾಗ ನಿರ್ದೇಶಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ಇದು ಫರ್ನಿಚರ್ ಅಂಗಡಿ ಜಾಹೀರಾತಿನ ಹಾಗಿದೆಯಲ್ಲ” ಅಂದ. ನಾನು ಸಾಫ್ಟ್‌ವೇರನ್ನು ಬೈದೆ. ಹಿಂದೆ ಕೂತಿದ್ದ ಕ್ಯಾಮೆರಾಮನ್ ಹುಡುಗ ಮಾತ್ರ ಒಂದು ಪ್ರಶ್ನೆ ಕೇಳಿದ: “ಸರ್, ಕುರ್ಚಿ ಮೇಲೆದ್ದಿದೆ ಸರಿ, ಅದರ ನೆರಳೆಲ್ಲಿ?”

ಉತ್ತರ ನನ್ನ ಬಳಿ ಇರಲಿಲ್ಲ. ಇದ್ದಿರಬೇಕಿತ್ತು. ಒಂದು ವಸ್ತು ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ಎಂದು ಕಣ್ಣು ತೀರ್ಮಾನ ಮಾಡುವಾಗ ಮುಖ್ಯ ಸಾಕ್ಷಿ ಹೇಳುವುದೇ ನೆರಳು. 1997ರಲ್ಲಿ ಕರ್ಸ್ಟನ್, ಮಾಮಾಸಿಯನ್, ನಿಲ್ ಎಂಬ ಮೂವರು ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಚೆಂಡು. ಚೆಂಡು ಹೋಗುವ ದಾರಿ ಪ್ರತಿ ಸಲವೂ ಒಂದೇ. ಬದಲಿಸಿದ್ದು ನೆರಳಿನ ದಾರಿಯನ್ನು ಮಾತ್ರ. ನೆರಳು ಚೆಂಡಿಗೆ ಅಂಟಿಕೊಂಡೇ ಸಾಗಿದಾಗ ಚೆಂಡು ನೆಲದ ಮೇಲೆ ಹಿಂದಕ್ಕೆ ಜಾರಿದಂತೆ ಕಂಡಿತು. ನೆರಳು ಅದರಿಂದ ದೂರ ಸರಿದಾಗ ಅದೇ ಚೆಂಡು ಗಾಳಿಗೆ ಏರಿದಂತೆ ಕಂಡಿತು.

ಈಗ ನನ್ನ ಸಾಲನ್ನು ಮತ್ತೆ ಓದಿ. ತೇಲುವ ಪೀಠೋಪಕರಣ ಬೇಕು ಎಂದಿದ್ದೇನೆ, ಜೊತೆಗೇ ಎಲ್ಲ ಕಡೆ ಹರಡಿದ ಮೆದು ಬೆಳಕೂ ಬೇಕು ಎಂದಿದ್ದೇನೆ. ಮೋಡ ಕವಿದ ದಿನ ಅಂಗಳದಲ್ಲಿ ಕುರ್ಚಿ ಇಟ್ಟು ನೋಡಿದರೆ ಇವೆರಡರ ಜಗಳ ಗೊತ್ತಾಗುತ್ತದೆ. ಕಾಲು ನೆಲಕ್ಕೆ ತಾಗುವ ಕಡೆ ತೆಳ್ಳನೆಯ ಒಂದು ಕಪ್ಪು ಗೆರೆ ಇರುತ್ತದೆ. ಕುರ್ಚಿಯನ್ನು ಒಂದು ಗೇಣು ಎತ್ತಿದರೆ ಆ ಗೆರೆ ಹೋಗಿ ಮಸುಕು ಕಲೆಯಾಗುತ್ತದೆ, ಸೊಂಟದ ಮಟ್ಟಕ್ಕೆ ಎತ್ತಿದರೆ ಕಲೆಯೂ ಹೆಚ್ಚುಕಮ್ಮಿ ಮಾಯ. ಬೆಳಕು ಮೆದುವಾದಷ್ಟೂ ತೇಲುವುದಕ್ಕೆ ಸಾಕ್ಷಿ ಕಡಿಮೆ. ಸಾಕ್ಷಿಯಿಲ್ಲದ ಕುರ್ಚಿ ತೇಲುವುದಿಲ್ಲ, ಚಿತ್ರದ ಮೇಲೆ ಅಂಟಿಸಿದಂತೆ ಕಾಣುತ್ತದೆ. ಇನ್ನು ಇಂಥ ಮಾಡೆಲ್‌ಗಳು ಕಲಿತಿರುವುದು ಅಸಂಖ್ಯಾತ ಚಿತ್ರಗಳಿಂದ, ಅವುಗಳಲ್ಲಿ ಕುರ್ಚಿಗಳು ಹೆಚ್ಚಾಗಿ ನೆಲದ ಮೇಲೇ ಇರುತ್ತವೆ. ಆದ್ದರಿಂದ ನನ್ನ ಕೆಲವು ತುಣುಕುಗಳಲ್ಲಿ ಮೇಲೆದ್ದ ಕುರ್ಚಿಯ ಕಾಲಬುಡದಲ್ಲೂ ಆ ಕಪ್ಪು ಗೆರೆ ಹಾಗೇ ಉಳಿದಿತ್ತು. ನಾನದನ್ನು ಗಮನಿಸಿಯೇ ಇರಲಿಲ್ಲ.

ಮೆದು ಬೆಳಕು ಎಂದರೆ ದಿಕ್ಕಿಲ್ಲದ ಬೆಳಕು ಎಂದುಕೊಂಡದ್ದು ನನ್ನ ದಡ್ಡತನ. ಛಾಯಾಗ್ರಾಹಕ ಸುಬ್ರತ ಮಿತ್ರ 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಸ್ಟುಡಿಯೋದಲ್ಲಿ ಹಾಕಿದ್ದ ಕಾಶಿಯ ಮನೆಯ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಅದರಿಂದ ಬೆಳಕನ್ನು ಪುಟಿಸಿ ಆಕಾಶದ ಬೆಳಕನ್ನು ತಂದರು. ಅಲ್ಲಿ ಬೆಳಕು ಎಷ್ಟು ಮೆದುವಾಗಿದ್ದರೂ ಅದು ಎಲ್ಲಿಂದ ಬರುತ್ತಿದೆ ಎಂಬುದರಲ್ಲಿ ಗೊಂದಲವಿಲ್ಲ, ಅಂಗಳದ ತೆರೆದ ಬಾಯಿಂದ. ನಮ್ಮ ತೊಟ್ಟಿಮನೆಯಲ್ಲೂ ಅದೇ ಏರ್ಪಾಡು ಇದೆ. ತೊಟ್ಟಿಯಲ್ಲಿ ಬೆಳಕು ಮೇಲಿಂದ ಇಳಿದರೆ, ಪಕ್ಕದ ಪಡಸಾಲೆಗೆ ಅದು ಬರುವುದು ಒಂದೇ ಮಗ್ಗುಲಿಂದ. ಬೆಳಕಿನ ಬಾಯಿ ದೊಡ್ಡದಾದ್ದರಿಂದ ಮೆದು, ಒಂದೇ ಕಡೆಯಿಂದ ಬರುವುದರಿಂದ ಅದಕ್ಕೆ ದಿಕ್ಕೂ ಇದೆ. ಕಂಬದ ಇನ್ನೊಂದು ಮಗ್ಗುಲಲ್ಲಿ ಮಬ್ಬು ನೆರಳು ಬಿದ್ದೇ ಬೀಳುತ್ತದೆ. ನಾನು ಬರೆಯಬೇಕಾಗಿದ್ದದ್ದು ಅದನ್ನು.

ಅದರ ಜೊತೆಗೆ ನೆಲವನ್ನೂ ಬರೆಯಬೇಕಿತ್ತು. ತಿಕ್ಕಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲ ಅರ್ಧ ಕನ್ನಡಿ ಇದ್ದ ಹಾಗೆ. ನೆಲದ ಮೇಲಿದ್ದ ಕುರ್ಚಿಯ ಕಾಲೂ ಅದರ ಪ್ರತಿಬಿಂಬವೂ ತುದಿಗೆ ತುದಿ ತಾಗಿರುತ್ತವೆ. ಕುರ್ಚಿ ಒಂದು ಅಡಿ ಎದ್ದರೆ ಪ್ರತಿಬಿಂಬ ಒಂದು ಅಡಿ ಕೆಳಗಿಳಿಯುತ್ತದೆ, ನಡುವೆ ಎರಡು ಅಡಿ ಖಾಲಿ ಬೀಳುತ್ತದೆ. ನೆರಳು ಮಸುಕಾದರೂ ಈ ಖಾಲಿ ಜಾಗ ಸುಳ್ಳು ಹೇಳುವುದಿಲ್ಲ.

ಎರಡನೆಯ ತಪ್ಪು ಇನ್ನೂ ಮೂಲದ್ದು. ತೇಲುವುದು ಎಂದರೆ ಭಾರವೇ ಇಲ್ಲ ಎಂದರ್ಥ. ಗುರುತ್ವ ಬದಲಾಗುವುದು ಎಂದರೆ ಭಾರ ಇದೆ, ಆದರೆ ದಿಕ್ಕು ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿದ್ದೆ, ಎರಡೂ ಕೆಟ್ಟು ಆ ನೀರಿನೊಳಗಿನ ತೊಯ್ದಾಟ ಬಂತು. ಇದು ಹೊಳೆದದ್ದು ‘ರಾಯಲ್ ವೆಡ್ಡಿಂಗ್’ ನೋಡುವಾಗ. 1951ರ ಆ ಚಿತ್ರದಲ್ಲಿ ಫ್ರೆಡ್ ಅಸ್ಟೇರ್ ಕುಣಿಯುತ್ತ ಗೋಡೆ ಹತ್ತಿ ಸೂರಿನ ಮೇಲೆ ನಡೆಯುತ್ತಾನೆ. ಇಡೀ ಕೋಣೆಯನ್ನು ತಿರುಗುವ ಪೀಪಾಯಿಯಂಥ ಚೌಕಟ್ಟಿನೊಳಗೆ ಕಟ್ಟಿ, ಸಾಮಾನುಗಳನ್ನೂ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಕೋಣೆಗೇ ಬಿಗಿದಿದ್ದರು. ಕ್ಯಾಮೆರಾ ಕೋಣೆಯ ಜೊತೆಗೇ ತಿರುಗುವುದರಿಂದ ಪರದೆಯ ಮೇಲೆ ಕೋಣೆ ಅಲ್ಲಾಡುವುದೇ ಇಲ್ಲ. ಬಿಗಿಯದೆ ಬಿಟ್ಟದ್ದು ಮನುಷ್ಯನನ್ನು ಮಾತ್ರ, ಗುರುತ್ವ ಎತ್ತ ತಿರುಗಿತು ಎಂದು ಹೇಳುವವನು ಅವನೊಬ್ಬನೇ. ನಾನು ಕ್ಯಾಮೆರಾವನ್ನು ಬಿಗಿಯಲಿಲ್ಲ, ಕೋಣೆಯನ್ನೂ ಬಿಗಿಯಲಿಲ್ಲ. ಎಲ್ಲವೂ ತಿರುಗಿದರೆ ನೋಡುವವನಿಗೆ ಕ್ಯಾಮೆರಾ ವಾಲಿದೆ ಎಂದಷ್ಟೇ ಅನಿಸುತ್ತದೆ.

ಹಾಗಾದರೆ ಪಡಸಾಲೆಯಲ್ಲಿ ಬಿಗಿಯದೆ ಬಿಡಬೇಕಾದ್ದು ಯಾವುದು? ನನ್ನ ಮೊದಲ ಪಟ್ಟಿಯಲ್ಲಿ ಬೀರು ಇತ್ತು, ಬೆಂಚು ಇತ್ತು, ತೂಗುಮಂಚ ಇತ್ತು. ಬೀರುವನ್ನು ಯಾವ ಕಡೆ ಎಳೆದರೂ ಅದರ ಆಕಾರ ಒಂದೇ, ಅದು ಏನೂ ಹೇಳುವುದಿಲ್ಲ. ತೂಗುಮಂಚ ಹೇಳುತ್ತದೆ, ಆದರೆ ನಮ್ಮನ್ನು ಹಿಡಿದುಕೊಡುತ್ತದೆ. ಹಲಗೆ ಮೇಲೆದ್ದಾಗ ಸರಪಳಿ ಜೋಲಬೇಕು, ಆದರೆ ನಾನು ಮಾಡಿಸಿದ ತುಣುಕುಗಳಲ್ಲಿ ಅದು ಬಿಗಿಯಾಗಿ ನೆಟ್ಟಗೇ ನಿಂತಿತ್ತು. ಈ ಮಾಡೆಲ್‌ಗಳು ತೂಕ, ಎಳೆತಗಳ ಲೆಕ್ಕ ಹಾಕಿ ಚಿತ್ರ ಮಾಡುವುದಿಲ್ಲ, ನೋಡಿದ್ದಕ್ಕೆ ಹೋಲುವುದನ್ನು ಕೊಡುತ್ತವೆ. ಜೋಲುವ ಸರಪಳಿಯ ಉಯ್ಯಾಲೆ ಯಾರ ಮನೆಯಲ್ಲಿದೆ? ಕೊನೆಗೆ ಉಳಿದದ್ದು ಬಟ್ಟೆ ಬಿಗಿದ ಆರಾಮಕುರ್ಚಿ. ಎರಡು ಕೋಲಿನ ನಡುವೆ ಹೊಟ್ಟೆಯಂತೆ ಜೋತ ಆ ಬಟ್ಟೆಯೇ ಒಂದು ಗುರುತ್ವದ ಮುಳ್ಳು. ಭಾರ ಹೋದರೆ ಹೊಟ್ಟೆ ಸಡಿಲುತ್ತದೆ, ಭಾರ ಬಲಕ್ಕೆ ತಿರುಗಿದರೆ ಬಲಕ್ಕೆ ಉಬ್ಬುತ್ತದೆ. ಜೊತೆಗೆ ಬಾಗಿಲ ಪರದೆ, ಸೂರಿನಿಂದ ಇಳಿಬಿಟ್ಟ ದೀಪ. ಅಷ್ಟೇ ಸಾಕಾಯಿತು.

ಆಮೇಲೆ ಕೆಲಸವನ್ನು ಎರಡು ತುಣುಕಾಗಿ ಒಡೆದೆ, ಒಂದರಲ್ಲಿ ಏಳುವುದು, ಇನ್ನೊಂದರಲ್ಲಿ ಉರುಳುವುದು. ಪಡಸಾಲೆಯ ಒಂದು ನಿಜವಾದ ಫೋಟೋವನ್ನೇ ಮೊದಲ ಫ್ರೇಮಾಗಿ ಕೊಟ್ಟೆ. ಹಾಗೆ ಮಾಡಿದರೆ ಮನೆ ಹೇಗಿದೆ ಎಂದು ವರ್ಣಿಸುವ ಹೊರೆ ತಪ್ಪುತ್ತದೆ, ಬರಹಕ್ಕೆ ಚಲನೆಯ ಕೆಲಸವಷ್ಟೇ ಉಳಿಯುತ್ತದೆ. ಮೊದಲ ತುಣುಕಿಗೆ ಬರೆದದ್ದು ಇದು:

```
Locked camera. Walls and pillars stay still.
Soft daylight from the open courtyard on the left.
The easy chair rises slowly, straight up, one foot.
Its cloth seat goes slack. Its shadow on the red
floor spreads and fades; its reflection sinks away.
```

ಕನಸು ಎಂಬ ಮಾತೇ ಇದರಲ್ಲಿಲ್ಲ. ಬಡಗಿಗೆ ನಾನು ಯಾವತ್ತೂ ‘ಕನಸಿನಂಥ ಕುರ್ಚಿ ಮಾಡಪ್ಪ’ ಎಂದವನಲ್ಲ, ಅಡಿ, ಅಂಗುಲ, ಮರ ಯಾವುದು ಎಂದೇ ಹೇಳಿದವನು. ಇಲ್ಲಿ ಮಾತ್ರ ಯಾಕೆ ಕವಿಯಾದೆನೋ! ‘ಗಾಳಿ ಬೇಡ’ ಎಂದು ಬರೆಯುವ ಗೀಳನ್ನೂ ಬಿಡಬೇಕಾಯಿತು. ಗಾಳಿ ಎಂಬ ಪದ ಕಂಡದ್ದೇ ಪರದೆ ಪಟಪಟ ಹಾರುತ್ತಿತ್ತು. ‘ಪರದೆ ಅಲುಗದೆ ನೇರ ಇಳಿಬಿದ್ದಿದೆ’ ಎಂದು ಬರೆದಾಗ ನಿಂತಿತು.

ಎರಡನೆಯ ತುಣುಕಿನಲ್ಲಿ ‘ಗುರುತ್ವ’ ಎಂಬುದನ್ನೂ ಕೈಬಿಟ್ಟು, ಕಣ್ಣಿಗೆ ಕಾಣುವುದನ್ನಷ್ಟೇ ಬರೆದೆ: ದೀಪ ಬಲಗೋಡೆಯ ಕಡೆ ವಾಲುತ್ತದೆ, ಪರದೆಯೂ ಅದೇ ಕಡೆ ವಾಲುತ್ತದೆ, ಬಟ್ಟೆ ಬಲಕ್ಕೆ ಉಬ್ಬುತ್ತದೆ, ಕುರ್ಚಿ ನಿಧಾನಕ್ಕೆ ಶುರುವಾಗಿ ಬರಬರುತ್ತ ವೇಗವಾಗಿ ಬಲಗೋಡೆಯತ್ತ ಹೋಗುತ್ತದೆ. ವೇಗದ ಮಾತು ಮುಖ್ಯ. ಬೀಳುವ ವಸ್ತು ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ, ಒಂದೇ ವೇಗದಲ್ಲಿ ಹೋದರೆ ಯಾರೋ ತಳ್ಳಿಕೊಂಡು ಹೋದಂತೆ ಕಾಣುತ್ತದೆ.

ತುಣುಕು ಸರಿಯಿದೆಯೇ ಎಂದು ಈಗ ಮೆಚ್ಚುಗೆಯಿಂದ ನೋಡುತ್ತ ಕೂರುವುದಿಲ್ಲ. ನಡುವಿನ ಒಂದು ಫ್ರೇಮನ್ನು ನಿಲ್ಲಿಸಿ ದೀಪದ ಸರಪಳಿಯ ಮೇಲೊಂದು ಗೆರೆ, ಪರದೆಯ ಮಡಿಕೆಯ ಮೇಲೊಂದು, ಬಟ್ಟೆಯ ಉಬ್ಬಿನ ಕಡೆಗೊಂದು ಎಳೆಯುತ್ತೇನೆ. ಗಾರೆಯವರ ತೂಗುಗುಂಡು ಒಂದು ಮನೆಯಲ್ಲಿ ಎರಡು ಕಡೆ ಎರಡು ದಿಕ್ಕು ತೋರಿಸುವುದಿಲ್ಲ. ಮೂರು ಗೆರೆಯೂ ಸಮಾನಾಂತರ ಇದ್ದರೆ ಇಟ್ಟುಕೊಳ್ಳುವುದು, ಒಂದು ಅಡ್ಡ ಹೋದರೂ ಬಿಸಾಡುವುದು. ಹೆಚ್ಚಿನವು ಬಿಸಾಡುವ ಪಾಲೇ.

ಇಷ್ಟಾದರೂ ಕುರ್ಚಿ ಗೋಡೆಗೆ ಬಂದು ತಾಗುವ ಗಳಿಗೆ ಮಾತ್ರ ದಕ್ಕಲಿಲ್ಲ. ಒಮ್ಮೆ ಕಾಲು ಗೋಡೆಯೊಳಗೆ ಹೊಕ್ಕಿತು, ಇನ್ನೊಮ್ಮೆ ನಾಲ್ಕು ಕಾಲು ಐದಾಯಿತು. ಎಡಿಟರ್ ತಾಗುವುದಕ್ಕೆ ಮುಂಚೆಯೇ ಕತ್ತರಿಸಿ ಯಜಮಾನನ ಮುಖಕ್ಕೆ ಹೋದ. ತಾಗಿದ್ದನ್ನು ಹೇಳಲು ಸದ್ದು ಬೇಕಿತ್ತು. ಆಫೀಸಿನ ಮರದ ಕುರ್ಚಿಯೊಂದನ್ನು ಗೋಡೆಗೆ ಬಡಿದು ರೆಕಾರ್ಡ್ ಮಾಡಿಕೊಂಡೆವು. ನಿರ್ದೇಶಕನಿಗೆ ದೃಶ್ಯ ಒಪ್ಪಿಗೆಯಾಯಿತು, ನೆಲದ ಕೆಂಪು ಜಾಸ್ತಿಯಾಯಿತು ಎಂಬ ತಕರಾರು ಮಾತ್ರ ಇನ್ನೂ ಇದೆ.