ಹೆಲ್ಪರ್ ಎಂದು ಬರೆದ ಕಾಗದ

ಮಂಠಾಳದಿಂದ ದುಡಿಯಲು ಹೊರಟವರು ಹೆದ್ದಾರಿಗೆ ಬಂದು ಎರಡು ದಿಕ್ಕಿಗೆ ಒಡೆಯುತ್ತಾರೆ. ಪಶ್ಚಿಮಕ್ಕೆ ತಿರುಗಿದರೆ ಸೊಲ್ಲಾಪುರ, ಪುಣೆ, ಮುಂಬೈ. ಪೂರ್ವಕ್ಕೆ ತಿರುಗಿದರೆ ಹುಮನಾಬಾದ್, ಜಹೀರಾಬಾದ್, ಹೈದರಾಬಾದ್. ಸೋಯಾ, ತೊಗರಿ ಬಿತ್ತಿ ಮುಗಿದ ಮೇಲೆ ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದರೆ ಸಾಕು, ಮಿಕ್ಕವರು ಬ್ಯಾಗ್ ಹೊತ್ತು ಹೊರಡುತ್ತಾರೆ. ಹೋಗುವಾಗ ಆಧಾರ್, ಐಟಿಐ ಅಂಕಪಟ್ಟಿ, ನಾಲ್ಕು ಫೋಟೊ ಇಟ್ಟುಕೊಂಡಿರುತ್ತಾರೆ. ಬರುವಾಗ ಏನು ತರುತ್ತಾರೆ ಎಂಬುದರ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಹಾಜರಿ, ಪಗಾರ, ಪಿಎಫ್ ನೋಡಿಕೊಂಡೇ ನೌಕರಿ ಮುಗಿಸಿದವನು ನಾನು. ಅನುಭವ ಪತ್ರಗಳನ್ನೂ ಅಲ್ಲೇ ಟೈಪ್ ಮಾಡುತ್ತಿದ್ದೆ. ಈಗಲೂ ಊರಿನ ಹುಡುಗರು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಮನೆಗೆ ಬರುತ್ತಾರೆ.

ಹಾಗೆ ಬಂದವನೊಬ್ಬ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧ ರಾಸಾಯನಿಕದ ಕಾರ್ಖಾನೆಯಲ್ಲಿ ಕಾಂಟ್ರಾಕ್ಟರ್ ಕೆಳಗೆ ದುಡಿದಿದ್ದ. ಹೈದರಾಬಾದಿನ ಕಡೆ ಕೆಲಸ ಸಿಗುವಂತಿತ್ತು, ಕಾಗದ ನೋಡಿ ವಾಪಸ್ ಕಳಿಸಿದ್ದರು.

"ಕಾಕಾ, ಈ ಲೆಟರ್ ನಡಿಯಲ್ಲ ಅಂದ್ರು."

"ಯಾಕ ನಡಿಯಲ್ಲಂತ?"

"ಮೂರು ವರ್ಷದ ಅನುಭವ ಬೇಕಂತ. ಇದರಾಗ ಅದು ಕಾಣಲ್ಲಂತ."

ಪತ್ರದಲ್ಲಿ ಮೂರೇ ವಾಕ್ಯ. ಇವರು ನಮ್ಮಲ್ಲಿ 2021ರಿಂದ 2024ರವರೆಗೆ ಹೆಲ್ಪರ್ ಆಗಿ ಕೆಲಸ ಮಾಡಿದ್ದಾರೆ, ಇವರ ನಡತೆ ಉತ್ತಮವಾಗಿದೆ, ಇವರ ಭವಿಷ್ಯ ಉಜ್ವಲವಾಗಲಿ. ಕೆಳಗೆ ಗೀಚಿದ ಸಹಿ, ಒಂದು ರಬ್ಬರ್ ಮೊಹರು. ನೋಡುವುದಕ್ಕೆ ಪತ್ರವೇ. ಆದರೆ ಅದನ್ನು ಓದುವವನು ಹುಡುಗನನ್ನೂ ಕಂಡವನಲ್ಲ, ಕಾಂಟ್ರಾಕ್ಟರನನ್ನೂ ಕಂಡವನಲ್ಲ. ಅವನ ಮೇಜಿನ ಮೇಲೆ ಪಿಎಫ್ ಪಾಸ್‌ಬುಕ್, ಪಗಾರ ಚೀಟಿ, ಆಧಾರ್ ಇರುತ್ತವೆ. ಪತ್ರದ ಒಂದೊಂದು ಮಾತನ್ನೂ ಅವುಗಳ ಜೊತೆ ತಾಳೆ ನೋಡುವುದು ಅವನ ಕೆಲಸ. ನಡತೆಯನ್ನು ಯಾವುದಕ್ಕೆ ತಾಳೆ ನೋಡಬೇಕು? ತಾಳೆಗೆ ಒದಗುವುದು ತಾರೀಖು, ಹೆಸರು, ಹುದ್ದೆ, ಸ್ಥಳ.

ತಾರೀಖಿನ ವಿಷಯವನ್ನೇ ನೋಡಿ. 2021ರಿಂದ 2024ರವರೆಗೆ ಎಂದರೆ ಎಷ್ಟು? 2021ರ ಜನವರಿ 1ಕ್ಕೆ ಸೇರಿ 2024ರ ಡಿಸೆಂಬರ್ 31ಕ್ಕೆ ಬಿಟ್ಟಿದ್ದರೆ ನಾಲ್ಕು ವರ್ಷ. 2021ರ ಡಿಸೆಂಬರ್ 31ಕ್ಕೆ ಸೇರಿ 2024ರ ಜನವರಿ 1ಕ್ಕೆ ಬಿಟ್ಟಿದ್ದರೆ ಎರಡು ವರ್ಷ ಎರಡು ದಿನ. ಎಣಿಸುವವನು ಯಾವಾಗಲೂ ಕಡಿಮೆಯದನ್ನೇ ಎಣಿಸುತ್ತಾನೆ. ನಮ್ಮ ಹುಡುಗ ಸೇರಿದ್ದು 2021ರ ಜೂನ್ 14, ಬಿಟ್ಟದ್ದು 2024ರ ಸೆಪ್ಟೆಂಬರ್ 30. ಮೂರು ವರ್ಷ ಮೂರು ತಿಂಗಳು ಹದಿನೇಳು ದಿನ ದುಡಿದವನನ್ನು ಆ ಕಾಗದ ಎರಡು ವರ್ಷದವನನ್ನಾಗಿ ಮಾಡಿತ್ತು. ಕೇಂದ್ರ ಲೋಕಸೇವಾ ಆಯೋಗ ಅನುಭವ ಕೇಳುವ ಹುದ್ದೆಗಳಿಗೆ ಅರ್ಜಿ ಕರೆಯುವಾಗ ದಿನ, ತಿಂಗಳು, ವರ್ಷ ಮೂರೂ ಇರುವ ಪತ್ರವನ್ನೇ ಕೇಳುತ್ತದೆ. ಮಾಡಿದ ಕೆಲಸದ ಸ್ವರೂಪ, ಪಡೆದ ವೇತನ ಕೂಡ ಅದರಲ್ಲಿರಬೇಕು ಎನ್ನುತ್ತದೆ. ಖಾಸಗಿಯವರು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬೇರೆಯವನನ್ನು ತೆಗೆದುಕೊಳ್ಳುತ್ತಾರೆ.

ಪಾಸ್‌ಬುಕ್ ತೆರೆಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅವನ ಖಾತೆಯಲ್ಲಿ ಎರಡು ಸಂಸ್ಥೆಗಳ ಹೆಸರಿದ್ದವು. 2023ರ ಮಾರ್ಚ್ ಕೊನೆಯವರೆಗೆ ಒಬ್ಬ ಕಾಂಟ್ರಾಕ್ಟರ್, ಏಪ್ರಿಲ್‌ನಿಂದ ಇನ್ನೊಬ್ಬ. ಹುಡುಗನಿಗೆ ಅದು ನೆನಪೇ ಇರಲಿಲ್ಲ. ಅದೇ ಗೇಟು, ಅದೇ ಪಾಳಿ, ಅದೇ ಯಂತ್ರ, ಬದಲಾದದ್ದು ಪಗಾರ ಹಾಕುವವನ ಹೆಸರು ಮಾತ್ರ. ಪತ್ರ ಕೊಟ್ಟವನು ಎರಡನೆಯವನು. ಅವನು ನಿಜವಾಗಿ ದೃಢೀಕರಿಸಬಹುದಾದದ್ದು ಒಂದೂವರೆ ವರ್ಷ. ಅದಕ್ಕಿಂತ ಹಿಂದಿನದನ್ನು ಅವನು ಬರೆದರೂ ಪಾಸ್‌ಬುಕ್ ಒಪ್ಪುವುದಿಲ್ಲ, ಆಗ ಇಡೀ ಪತ್ರದ ಮೇಲೇ ಅನುಮಾನ ಬರುತ್ತದೆ.

ಹಾಗಾದರೆ ಕಾರ್ಖಾನೆಯೇ ಒಂದು ಪತ್ರ ಕೊಟ್ಟರಾಗದೇ ಎಂದು ಹುಡುಗ ಕೇಳಿದ. ಕೊಡುವುದಿಲ್ಲ, ಕಾರಣವೂ ಇದೆ. ಕಾಂಟ್ರಾಕ್ಟ್ ಕೆಲಸಗಾರನಿಗೆ ಇವನು ನಮ್ಮಲ್ಲಿ ಕೆಲಸ ಮಾಡಿದ ಎಂದು ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ, ನಾಳೆ ಅದೇ ಕಾಗದ ಹಿಡಿದು ನಾನು ನಿಮ್ಮ ನೌಕರನೇ ಎಂದು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾನು ಎಂಬ ಅಳುಕು ಕಾರ್ಖಾನೆಗೆ. ಈ ತೊಡಕು ಕಾನೂನು ಬರೆದವರಿಗೆ ಗೊತ್ತಿತ್ತು. ಗುತ್ತಿಗೆ ಕಾರ್ಮಿಕರ 1971ರ ಕೇಂದ್ರ ನಿಯಮಗಳಲ್ಲಿ 77ನೆಯದು ಇದಕ್ಕೇ ಮೀಸಲಾಗಿತ್ತು. ಯಾವ ಕಾರಣಕ್ಕೆ ಕೆಲಸ ಬಿಟ್ಟರೂ ಕಾಂಟ್ರಾಕ್ಟರ್ ತಾನಾಗಿ ಸೇವಾ ಪ್ರಮಾಣಪತ್ರ ಕೊಡಬೇಕಾಗಿತ್ತು, ಅದಕ್ಕೆ ನಮೂನೆ 15 ಇತ್ತು. ಆ ನಮೂನೆಯನ್ನು ಬಹಳ ಯೋಚಿಸಿ ಮಾಡಿದ್ದರು. ಕಾಂಟ್ರಾಕ್ಟರನ ಹೆಸರು ವಿಳಾಸದ ಜೊತೆಗೆ ಕೆಲಸ ನಡೆದ ಜಾಗ, ಮೂಲ ಮಾಲಿಕನ ಹೆಸರು ವಿಳಾಸ, ಕೆಲಸಗಾರನ ವಯಸ್ಸು, ಗುರುತಿನ ಮಚ್ಚೆ, ತಂದೆಯ ಅಥವಾ ಗಂಡನ ಹೆಸರು, ಎಂದಿನಿಂದ ಎಂದಿನವರೆಗೆ, ಮಾಡಿದ ಕೆಲಸದ ಸ್ವರೂಪ, ಕೂಲಿಯ ದರ ಎಲ್ಲಕ್ಕೂ ಜಾಗವಿತ್ತು. ಸಹಿ ಕಾಂಟ್ರಾಕ್ಟರನದು, ಆದರೆ ಯಾವ ಕಾರ್ಖಾನೆ ಎಂಬುದು ಅದರೊಳಗೇ ಬರುತ್ತಿತ್ತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲೂ ಕಾಂಟ್ರಾಕ್ಟರ್ ಅನುಭವ ಪತ್ರ ಕೊಡಬೇಕು ಎಂದಿದೆ, ಆದರೆ ಕೆಲಸಗಾರ ಕೇಳಿದಾಗ. ಮೊದಲು ಕೊಡುವುದೇ ಅವನ ಹೊಣೆಯಾಗಿತ್ತು, ಈಗ ಕೇಳುವ ಹೊಣೆ ನಮ್ಮ ಹುಡುಗರ ಮೇಲೆ ಬಿದ್ದಿದೆ. ಹಳೆಯ ಕಾಯ್ದೆ 20 ಜನರಿಂದ ಅನ್ವಯಿಸುತ್ತಿತ್ತು, ಹೊಸದು 50 ಜನರಿಂದ. ಸಣ್ಣ ಕಾಂಟ್ರಾಕ್ಟರುಗಳ ಕೈಕೆಳಗಿನವರು ಇದರಿಂದ ಹೊರಗುಳಿದರು. ಇದು ಸರಿಯಾದ ಬದಲಾವಣೆಯಲ್ಲ ಎಂದೇ ನನ್ನ ಅಭಿಪ್ರಾಯ. ಪತ್ರದ ಅಗತ್ಯ ಅತಿ ಹೆಚ್ಚಾಗಿ ಇರುವವರು ಅವರೇ.

ಇನ್ನು ಹೆಲ್ಪರ್ ಎಂಬ ಮಾತು. ನಿನ್ನ ಕೆಲಸ ಏನಿತ್ತಪ್ಪಾ ಎಂದು ಕೇಳಿದರೆ ಹುಡುಗ ನಿರರ್ಗಳವಾಗಿ ಹೇಳಿದ. ಗಾಜಿನ ಲೇಪದ ರಿಯಾಕ್ಟರಿಗೆ ಸಾಲ್ವೆಂಟ್ ಮತ್ತು ಪುಡಿ ಚಾರ್ಜ್ ಮಾಡುವುದು, ಉಷ್ಣತೆ ನೋಡಿ ಬ್ಯಾಚ್ ರೆಕಾರ್ಡಿನಲ್ಲಿ ಬರೆಯುವುದು, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕೊಡುವುದು, ಸೆಂಟ್ರಿಫ್ಯೂಜಿನಿಂದ ಒದ್ದೆ ಮಾಲು ಇಳಿಸಿ ಡ್ರೈಯರಿಗೆ ಹಾಕುವುದು. ಇದು ಆಪರೇಟರನ ಕೆಲಸ. ಕಾಂಟ್ರಾಕ್ಟರ್ ಹೆಲ್ಪರ್ ಎಂದು ಬರೆದದ್ದು ಮರೆವಿನಿಂದಲ್ಲ. ಕನಿಷ್ಠ ವೇತನದಲ್ಲಿ ಕುಶಲ, ಅರೆಕುಶಲ, ಅಕುಶಲ ಎಂದು ದರ್ಜೆಗಳಿವೆ. ಪಗಾರ ರಿಜಿಸ್ಟರಿನಲ್ಲಿ ಅಕುಶಲ ಎಂದು ತೋರಿಸಿ ಪಗಾರ ಕೊಟ್ಟವನು ಪತ್ರದಲ್ಲಿ ಆಪರೇಟರ್ ಎಂದು ಬರೆದರೆ ತನ್ನ ಕೈಯಿಂದಲೇ ತನ್ನ ವಿರುದ್ಧ ಸಾಕ್ಷಿ ಬರೆದಂತೆ. ಹೀಗಾಗಿ ಹುದ್ದೆಯ ಹೆಸರಿಗೆ ಜಗಳ ಮಾಡುತ್ತ ಕುಳಿತರೆ ಪತ್ರವೇ ಸಿಗುವುದಿಲ್ಲ. ಕೆಲಸದ ಸ್ವರೂಪದ ಸಾಲಿನಲ್ಲಿ ಆ ನಾಲ್ಕು ಕೆಲಸಗಳನ್ನು ಇದ್ದದ್ದು ಇದ್ದಂತೆ ಬರೆಸಿಕೊ ಎಂದೆ. ಔಷಧ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ಯಾರೇ ಆಗಲಿ, ಆ ಸಾಲು ಓದಿದ ಕೂಡಲೇ ಇವನು ಯಾರು ಎಂದು ತಿಳಿಯುತ್ತಾನೆ.

ನಮ್ಮ ಕಲ್ಯಾಣದ ನೆಲದಲ್ಲಿ ನಿಂತು ಇದನ್ನು ಯೋಚಿಸುವಾಗ ಒಂದು ನೋವು ಕಾಡುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಹನ್ನೆರಡನೆಯ ಶತಮಾನದ ಆ ಶರಣರ ಕಾಯಕ ಅವರ ಹೆಸರಿನ ಮುಂದೆಯೇ ನಿಂತಿದೆ, ಎಂಟುನೂರು ವರ್ಷ ಕಳೆದರೂ ಯಾರು ಏನು ಮಾಡುತ್ತಿದ್ದರು ಎಂದು ಕೇಳಬೇಕಾಗಿಲ್ಲ. ಅದೇ ನೆಲದ ಹುಡುಗ ಮೂರು ವರ್ಷ ಏನು ಮಾಡಿದ ಎಂಬುದು ಮೂರೇ ತಿಂಗಳಿಗೆ ಅಳಿಸಿಹೋಗುತ್ತದೆ.

ಹೆಸರಿನ ಮಾತು ಬಂತಲ್ಲ, ಗಡಿ ಜಿಲ್ಲೆಯವರಿಗೆ ಅದೂ ತಕರಾರೇ. ಪುಣೆಯವರು ನಡುವೆ ತಂದೆಯ ಹೆಸರು ಸೇರಿಸಿ ಕೊನೆಗೆ ಅಡ್ಡಹೆಸರು ಬರೆಯುತ್ತಾರೆ. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರೇ ಇರುವುದಿಲ್ಲ. ಬಾಯಲ್ಲಿ ಬಸ್ವರಾಜ, ಆಧಾರಿನಲ್ಲಿ ಬಸವರಾಜ. ಪತ್ರದಲ್ಲಿ ಆಧಾರಿನಲ್ಲಿರುವ ಅಕ್ಷರಗಳೇ ಇರಬೇಕು, ಜೊತೆಗೆ ಪಿಎಫ್‌ನ ಯುಎಎನ್ ಸಂಖ್ಯೆ ಹಾಕಿಸಿಕೊಂಡರೆ ಹೆಸರಿನ ಗೊಂದಲ ಅರ್ಧ ತೀರುತ್ತದೆ.

ಇಷ್ಟೆಲ್ಲ ಅನುಭವ ಪತ್ರದ ಮಾತು. ರಿಲೀವಿಂಗ್ ಲೆಟರ್ ಬೇರೆ. ಅನುಭವ ಪತ್ರ ಇವನು ಏನು ಮಾಡಿದ ಎಂದು ಹೇಳುತ್ತದೆ, ರಿಲೀವಿಂಗ್ ಲೆಟರ್ ಇವನು ಈಗ ಬಿಡುಗಡೆಯಾಗಿದ್ದಾನೆಯೇ ಎಂದು ಹೇಳುತ್ತದೆ. ಯಾವ ತಾರೀಖಿನ ರಾಜೀನಾಮೆ ಒಪ್ಪಿದ್ದೇವೆ, ಕೊನೆಯ ಕೆಲಸದ ದಿನ ಯಾವುದು, ನೋಟಿಸ್ ಅವಧಿ ಪೂರೈಸಿದನೋ ಅಥವಾ ಹಣ ಕಟ್ಟಿಸಿಕೊಂಡು ಬಿಟ್ಟೆವೋ, ಬಾಕಿ ಏನೂ ಇಲ್ಲವೋ, ಇಷ್ಟಿದ್ದರೆ ಸಾಕು. ಮದುವೆಗೆಂದೋ ಬಿತ್ತನೆಗೆಂದೋ ಊರಿಗೆ ಬಂದು ಅಲ್ಲೇ ಉಳಿದವನಿಗೆ ಈ ಪತ್ರ ಸಿಗುವುದಿಲ್ಲ, ರಿಜಿಸ್ಟರಿನಲ್ಲಿ ಗೈರು ಎಂದು ಮುಗಿಯುತ್ತದೆ. ಒಂದು ಸಾಲಿನ ರಾಜೀನಾಮೆ ವಾಟ್ಸಾಪಿನಲ್ಲಿ ಕಳಿಸಿದ್ದರೂ ಆಮೇಲೆ ಕೇಳಲು ಒಂದು ಆಧಾರ ಇರುತ್ತಿತ್ತು.

ಕೊನೆಯ ದಿನದ ತಾರೀಖು ಪಿಎಫ್‌ನಲ್ಲೂ ಅದೇ ಇರಬೇಕು. ಮಾಲಿಕ ಬಿಟ್ಟ ದಿನಾಂಕ ಹಾಕದೆ ಹೋದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳು ಕಳೆದ ಮೇಲೆ ಕೆಲಸಗಾರನೇ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಹಾಕಬಹುದು. ಕೊನೆಯ ವಂತಿಗೆಯ ತಿಂಗಳಿನ ಯಾವ ದಿನವನ್ನಾದರೂ ಅದು ಒಪ್ಪುತ್ತದೆ, ಅಪಾಯ ಇರುವುದೂ ಅಲ್ಲೇ. ಆನ್‌ಲೈನ್ ಸೆಂಟರಿನವನು ಅವಸರದಲ್ಲಿ 12 ಎಂದು ಒತ್ತಿದ, ಪತ್ರದಲ್ಲಿ 30 ಎಂದಿದೆ ಎನ್ನಿ. ಆಮೇಲೆ ಅದನ್ನು ತಿದ್ದಿಸುವ ಕೆಲಸ ಬೇರೆ ಬೀಳುತ್ತದೆ. ಆದ್ದರಿಂದ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡೇ ತಾರೀಖು ತುಂಬಿಸಬೇಕು.

ಹುಡುಗ ಎರಡನೆಯ ಕಾಂಟ್ರಾಕ್ಟರನಿಂದ ನಮೂನೆಯಂತೆ ಪತ್ರ ತಂದ. ಮೊದಲನೆಯವನು ಹುಮನಾಬಾದಿನ ಕೋಣೆ ಖಾಲಿ ಮಾಡಿ ಹೋಗಿದ್ದ, ಫೋನೂ ಹತ್ತಲಿಲ್ಲ. ಆ ಅವಧಿಗೆ ಪಾಸ್‌ಬುಕ್‌ನ ಪ್ರತಿ ಮತ್ತು ಇದ್ದಬದ್ದ ಪಗಾರ ಚೀಟಿಗಳನ್ನು ಜೋಡಿಸಿಕೊಟ್ಟೆವು. ಅವು ದುಡಿದ ಅವಧಿಯನ್ನು ತೋರಿಸುತ್ತವೆ, ಮಾಡಿದ ಕೆಲಸವನ್ನು ತೋರಿಸುವುದಿಲ್ಲ. ಹೈದರಾಬಾದಿನವರು ಅವನನ್ನು ತೆಗೆದುಕೊಂಡರು, ಒಂದೂವರೆ ವರ್ಷದ ಅನುಭವಕ್ಕೆ ಸಲ್ಲುವ ಪಗಾರಕ್ಕೆ.

ನಿಮ್ಮ ಮನೆಯವರು ಯಾರಾದರೂ ಕಾಂಟ್ರಾಕ್ಟರ್ ಕೆಳಗೆ ದುಡಿಯುತ್ತಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ: ಕಾಂಟ್ರಾಕ್ಟರ್ ಬದಲಾಗುವ ತಿಂಗಳಲ್ಲಿ, ಹೊಸಬನ ಹಾಜರಿ ಪುಸ್ತಕಕ್ಕೆ ಹೆಸರು ಏರುವ ಮೊದಲು, ಹಳಬನಿಂದ ಪತ್ರ ಕೇಳಿ ತೆಗೆದುಕೊಳ್ಳಲಿ. ಆಗ ಅವನ ಆಫೀಸು ಅಲ್ಲೇ ಇರುತ್ತದೆ.